ತಮಾಷೆ ಎಲ್ಲಿಗೆ ಮುಗಿಯುತ್ತದೆ?
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೀಟಲೆ, ವ್ಯಂಗ್ಯ, ಅಣಕ, ಪೀಡನೆ ಈ ನಾಲ್ಕರ ವ್ಯತ್ಯಾಸ ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ನಾನು ಕನ್ನಡ ಮೇಷ್ಟ್ರು. ಹಾಗಾಗಿ ಮಾತಿನಿಂದಲೇ ಶುರು ಮಾಡುತ್ತೇನೆ.

ದಾಸರು ದೇವರನ್ನು ಬೈದು ಹಾಡಿದ್ದಕ್ಕೆ ನಿಂದಾಸ್ತುತಿ ಎನ್ನುತ್ತೇವೆ. ಮೇಲೆ ಬೈಗುಳ, ಒಳಗೆ ಸಲಿಗೆ. ಒಳ್ಳೆಯ ಕೀಟಲೆ ಎಂದರೆ ಇದೇ. ಅಜ್ಜಿ ಮೊಮ್ಮಗನನ್ನು "ಬಾರೋ ಕಳ್ಳ" ಎಂದು ಕರೆದರೆ ಅವನು ಓಡಿ ಬಂದು ತೊಡೆಯ ಮೇಲೆ ಕೂರುತ್ತಾನೆ. ವ್ಯಂಗ್ಯ ಇದರ ತಿರುಗುಮುರುಗು. ಮೇಲೆ ಹೊಗಳಿಕೆ, ಒಳಗೆ ಚುಚ್ಚು. ತಡವಾಗಿ ಬಂದ ಹುಡುಗನಿಗೆ "ಬನ್ನಿ ಸಾಹೇಬ್ರೇ, ಇಷ್ಟು ಬೇಗ ಬಂದುಬಿಟ್ರಲ್ಲ!" ಎನ್ನುತ್ತೇವಲ್ಲ, ಅದು. ಸಮಾನರ ನಡುವೆ ವ್ಯಂಗ್ಯಕ್ಕೆ ಉತ್ತರ ಉಂಟು. ಮೇಷ್ಟ್ರ ವ್ಯಂಗ್ಯಕ್ಕೆ ಹುಡುಗ ಉತ್ತರ ಕೊಡುವಂತಿಲ್ಲ. ಕೊಟ್ಟರೆ ಉದ್ಧಟ ಎನಿಸಿಕೊಳ್ಳುತ್ತಾನೆ. ಇನ್ನು ಸಣ್ಣ ಮಕ್ಕಳಿಗೆ ವ್ಯಂಗ್ಯ ತಿಳಿಯುವುದೇ ಇಲ್ಲ. "ಇನ್ನೊಂದು ಲೋಟ ಒಡಿ" ಎಂದರೆ ಅದು ಪೆಚ್ಚಾಗಿ ಮುಖ ನೋಡುತ್ತದೆ.

ಅಣಕದಲ್ಲಿ ಮೂರನೆಯವರು ಬೇಕು. ಕುಂಟುವವನ ಹಿಂದೆ ಕುಂಟಿ ತೋರಿಸುವುದು, ಉಗ್ಗುವವನಂತೆ ಪಾಠ ಓದುವುದು, ಇವು ಅವನಿಗಾಗಿ ಮಾಡಿದ್ದಲ್ಲ, ನೋಡುವವರಿಗಾಗಿ. ಸುತ್ತಲಿನವರನ್ನು ತೆಗೆದುಬಿಟ್ಟರೆ ಅಣಕವೂ ನಿಂತುಹೋಗುತ್ತದೆ.

ಇಂಗ್ಲಿಷಿನವರು ಬುಲ್ಲಿಯಿಂಗ್ ಎನ್ನುವುದಕ್ಕೆ ನಮ್ಮಲ್ಲಿ 'ಗೋಳು ಹೊಯ್ದುಕೊಳ್ಳುವುದು' ಎಂಬ ಮಾತಿದೆ. ಕಷ್ಟವೇನೆಂದರೆ, ಪ್ರೀತಿಯ ಕೀಟಲೆಗೂ ನಾವು ಅದನ್ನೇ ಬಳಸುತ್ತೇವೆ. ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಶಾಲೆಗಳಲ್ಲಿ ಇದನ್ನು ಅಭ್ಯಾಸ ಮಾಡಿ ಪೀಡನೆಗೆ ಮೂರು ಗುರುತು ಹೇಳಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಮತ್ತು ಒಬ್ಬನ ಕೈ ಮೇಲಿದ್ದು ಇನ್ನೊಬ್ಬನಿಗೆ ತಡೆಯಲಾಗದಿರುವುದು. ಇಬ್ಬರು ಸಮಬಲದ ಹುಡುಗರು ಮೈದಾನದಲ್ಲಿ ಹೊಡೆದಾಡಿಕೊಂಡರೆ ಅದು ಜಗಳ. ತಪ್ಪೇ ಸರಿ, ಆದರೆ ಪೀಡನೆಯಲ್ಲ.

ಒಂದೇ ಅಡ್ಡಹೆಸರು ಈ ದಾರಿಯನ್ನೆಲ್ಲ ನಡೆದದ್ದನ್ನು ಬೇರೊಂದು ಶಾಲೆಯಲ್ಲಿ ನೋಡಿದ್ದೇನೆ. ಎಂಟನೇ ತರಗತಿಯ ಹುಡುಗನೊಬ್ಬನಿಗೆ ದಪ್ಪ ಗಾಜಿನ ಕನ್ನಡಕ ಬಂತು. ಪಕ್ಕದಲ್ಲಿ ಕೂರುವ ಗೆಳೆಯ "ಏನೋ ಸೋಡಾಬುಡ್ಡಿ" ಎಂದ. ಇವನು "ಹೋಗೋ ಕಡ್ಡಿ ಪೈಲ್ವಾನ್" ಎಂದ. ಇಬ್ಬರೂ ನಕ್ಕರು, ಬುತ್ತಿ ಹಂಚಿಕೊಂಡು ತಿಂದರು. ಅದು ಕೀಟಲೆ. ವಾರ ಕಳೆಯುವುದರೊಳಗೆ ಆ ಹೆಸರು ಹತ್ತನೇ ತರಗತಿಯವರ ಬಾಯಿಗೆ ಹೋಯಿತು. ಅವರಿಗೆ ಇವನು ಕಡ್ಡಿ ಪೈಲ್ವಾನ್ ಎನ್ನುವಂತಿಲ್ಲ. ಅವರು ಬೆರಳುಗಳನ್ನು ದುಂಡಗೆ ಮಾಡಿ ಕಣ್ಣಿಗಿಟ್ಟುಕೊಂಡು ಇವನಂತೆ ತಡವರಿಸಿ ನಡೆದು ತೋರಿಸಿದರು. ಅಣಕ. ಆಮೇಲೆ ದಿನಾ ಮಧ್ಯಾಹ್ನ ಊಟದ ಸಾಲಿನಲ್ಲಿ ಕನ್ನಡಕ ಕಿತ್ತು ಕೈಯಿಂದ ಕೈಗೆ ದಾಟಿಸತೊಡಗಿದರು. ಹೆಸರು ಅದೇ, ಅಕ್ಷರವೂ ಬದಲಾಗಿಲ್ಲ.

ವಿಚಾರಿಸಿದಾಗ ದೊಡ್ಡ ಹುಡುಗರು ಹೇಳಿದ್ದು, "ತಮಾಷೆಗೆ ಸಾರ್, ಅವನೂ ನಗ್ತಿದ್ದ." ನಿಜ, ನಗುತ್ತಿದ್ದ. ಅತ್ತರೆ ಇನ್ನೂ ಹೆಚ್ಚಾಗುತ್ತದೆಂದು ಗೊತ್ತಿದ್ದವನು ನಗುತ್ತಾನೆ. ಆದ್ದರಿಂದ ನಗುವನ್ನು ನಾನು ಸಾಕ್ಷಿಯಾಗಿ ಒಪ್ಪುವುದಿಲ್ಲ. ನಾನು ನೋಡುವುದು ಬೇರೆ: ತಿರುಗಿ ಅನ್ನುವ ಧೈರ್ಯ ಅವನಿಗಿದೆಯೇ? "ಸಾಕು" ಎಂದರೆ ನಿಲ್ಲುತ್ತದೆಯೇ? ಆ ಹುಡುಗ ಕನ್ನಡಕವನ್ನು ಚೀಲದಲ್ಲಿ ಇಟ್ಟುಬಿಟ್ಟಿದ್ದ. ಬೋರ್ಡಿನ ಮೇಲಿನ 3 ಅವನ ಪುಸ್ತಕದಲ್ಲಿ 8 ಆಗುತ್ತಿತ್ತು. ಗಣಿತದ ಮೇಷ್ಟ್ರು ಅವನನ್ನು ದಡ್ಡನೆಂದುಕೊಂಡಿದ್ದರು. ಊಟದ ಸಾಲಿಗೂ ಅವನು ಬರುವುದು ಬಿಟ್ಟಿದ್ದ. ಗೊತ್ತಾದದ್ದು ಅಡುಗೆಯ ಅಮ್ಮನಿಂದ.

ಇಂಥಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವುದು ನಮ್ಮ ರೂಢಿ. ಜಗಳಕ್ಕೆ ಅದು ಸರಿ, ಪೀಡನೆಗೆ ಸಲ್ಲದು. ಎದುರಿಗೆ ನಿಂತ ಚಿಕ್ಕವನು "ಏನೂ ಆಗಿಲ್ಲ ಸಾರ್" ಎಂದೇ ಹೇಳುತ್ತಾನೆ. ಸಂಜೆ ದಾರಿಯಲ್ಲಿ ಅವರೇ ಸಿಗುತ್ತಾರಲ್ಲ! ನಾವು ಅವನನ್ನು ಬೇರೆಯಾಗಿ ಕರೆದು ಕೇಳಿದೆವು. ದೊಡ್ಡವರನ್ನೂ ಒಟ್ಟಿಗೆ ಅಲ್ಲ, ಒಬ್ಬೊಬ್ಬರನ್ನೇ ಕರೆದೆವು. ಗುಂಪಿನಲ್ಲಿ ನಗುವ ಹುಡುಗ ಒಬ್ಬನೇ ಇದ್ದಾಗ ನೆಲ ನೋಡುತ್ತಾನೆ. ಊಟದ ಸಾಲಿನಲ್ಲಿ ಒಂದು ತಿಂಗಳು ಒಬ್ಬ ಶಿಕ್ಷಕರು ನಿಂತರು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಕಡ್ಡಿ ಪೈಲ್ವಾನ್. ದಿನಾ ಇವನ ಜೊತೆಗೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲು ಎಂದಷ್ಟೇ ಅವನಿಗೆ ಹೇಳಿದ್ದೆವು. ಮೊದಲು ಹೆದರಿದ, ಆಮೇಲೆ ನಿಂತ.

ಅವನು ಮಾತ್ರ ಕೊನೆಯವರೆಗೂ ಗೆಳೆಯನನ್ನು ಸೋಡಾಬುಡ್ಡಿ ಎಂದೇ ಕರೆಯುತ್ತಿದ್ದ. ನಾವು ತಡೆಯಲಿಲ್ಲ.