ಗೋದಾಮಿನಲ್ಲಿ ಕೂತ ಲಾಭ

ಅರಸೀಕೆರೆಯಲ್ಲಿ ಕೊಬ್ಬರಿ ಕೊಂಡು ಗೋದಾಮಿಗೆ ಹಾಕಿ, ರೇಟು ಏರಲಿ ಅಂತ ಕಾಯೋರನ್ನ ನೀವು ನೋಡಿದ್ದೀರಿ. ಏರಿದರೆ ಗೆದ್ದರು, ಇಳಿದರೆ ಹೋಯಿತು. ಇವತ್ತು ನಾನು ಹೇಳೋ ಆಟವೇ ಬೇರೆ. ಇಲ್ಲಿ ಮಾಲು ಕೊಳ್ಳುವ ದಿನವೇ ಮಾರುವ ಬೆಲೆಯೂ ನಿಗದಿಯಾಗಿರುತ್ತದೆ.

ಬೇಲೂರು ಕಡೆಯ ಕಾಳುಮೆಣಸನ್ನೇ ತಗೊಳ್ಳಿ. ಎನ್‌ಸಿಡಿಇಎಕ್ಸ್‌ನಲ್ಲಿ ಮೆಣಸಿನ ಫ್ಯೂಚರ್ಸ್ ನಡೆಯುತ್ತಿದ್ದ ಕಾಲದಲ್ಲಿ ಮಾಲು ಒಪ್ಪಿಸಬೇಕಿದ್ದದ್ದು ಕೊಚ್ಚಿಯಲ್ಲಿ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ: ಕೊಚ್ಚಿಯಲ್ಲಿ ಇವತ್ತಿನ ನಗದು ಬೆಲೆ ಕಿಲೋಗೆ 400 ರೂಪಾಯಿ, ಮೂರು ತಿಂಗಳ ಫ್ಯೂಚರ್ಸ್ 424. ಈ 24 ರೂಪಾಯಿ ಅಂತರಕ್ಕೇ ಬೇಸಿಸ್ ಅನ್ನೋದು. ನಗದಿನಿಂದ ಫ್ಯೂಚರ್ಸ್ ಕಳೆಯೋದು ರೂಢಿ, ಹಾಗಾಗಿ ಇಲ್ಲಿ ಅದು ಮೈನಸ್ 24.

ಒಂದು ಟನ್ ಮೆಣಸನ್ನ 4 ಲಕ್ಷಕ್ಕೆ ಕೊಂಡಿರಿ, ಅಷ್ಟನ್ನೇ ಫ್ಯೂಚರ್ಸ್‌ನಲ್ಲಿ ಮಾರಿದಿರಿ. ವರ್ಷಕ್ಕೆ ಶೇ. 12ರ ಬಡ್ಡಿಯಾದರೆ ಮೂರು ತಿಂಗಳಿಗೆ 12 ಸಾವಿರ. ಗೋದಾಮು, ವಿಮೆ, ಗುಣಮಟ್ಟದ ಪರೀಕ್ಷೆ ಎಲ್ಲಾ ಸೇರಿ 5 ಸಾವಿರ ಅನ್ನಿ. ಕಿಲೋಗೆ 417 ಬಿತ್ತು. ಉಳಿದದ್ದು 7 ರೂಪಾಯಿ, ಅಂದರೆ ಟನ್ನಿಗೆ 7 ಸಾವಿರ. ಫ್ಯೂಚರ್ಸ್ 415 ಇದ್ದಿದ್ದರೆ ಈ ವ್ಯಾಪಾರ ಮುಟ್ಟಲೇಬಾರದು. ಮೇಲ್ನೋಟಕ್ಕೆ ಅಂತರ ಇದೆ, ಆದರೆ ಅದೆಲ್ಲಾ ಖರ್ಚಿಗೇ ಹೋಗುತ್ತೆ.

ಗಡುವಿನ ದಿನ ಬೆಲೆ 350ಕ್ಕೆ ಬಿದ್ದರೆ? ಫ್ಯೂಚರ್ಸ್‌ನಲ್ಲಿ 74 ಬಂತು, ಮಾಲಿಗೆ 350 ಬಂತು, ಒಟ್ಟು 424. 500ಕ್ಕೆ ಏರಿದರೆ ಮಾಲಿಗೆ 500, ಫ್ಯೂಚರ್ಸ್‌ನಲ್ಲಿ 76 ಹೋಯಿತು, ಮತ್ತೆ ಅದೇ 424. ಆ ದಿನ ಎರಡು ಬೆಲೆಗಳೂ ಒಂದಾಗಲೇಬೇಕು ಸ್ವಾಮಿ. ಫ್ಯೂಚರ್ಸ್ ಮೇಲಿದ್ದರೆ ಜನ ನಗದಿನಲ್ಲಿ ಕೊಂಡು ತಂದು ಒಪ್ಪಿಸ್ತಾರೆ, ಕೆಳಗಿದ್ದರೆ ಫ್ಯೂಚರ್ಸ್ ಕೊಂಡು ಮಾಲು ಎತ್ತಿಕೊಳ್ತಾರೆ. ಆದರೆ ಒಂದಾಗೋದು ಕೊಚ್ಚಿಯ ಬೆಲೆ. ಬೇಲೂರಿನ ಬೆಲೆಗೂ ಅದಕ್ಕೂ ಲಾರಿ ಬಾಡಿಗೆಯಷ್ಟು, ಗುಣಮಟ್ಟದಷ್ಟು ಅಂತರ ಅವತ್ತೂ ಉಳಿದಿರುತ್ತೆ. ಇನ್ನು ಹಳೇಬೀಡಿನ ಹೊಲದ ಆಲೂಗಡ್ಡೆಗೆ ಈ ಲೆಕ್ಕ ಹಾಕೋಕೆ ಹೋಗಬೇಡಿ, ಚೀಲದಲ್ಲೇ ಕೊಳೆಯುತ್ತೆ!

ಹಾಗಾದರೆ ಅಪಾಯವೇ ಇಲ್ವಾ? ಇದೆ. ಬೆಲೆ ಏರುತ್ತಿದ್ದ ಹಾಗೆ ಫ್ಯೂಚರ್ಸ್ ನಷ್ಟವನ್ನ ದಿನದಿನಕ್ಕೆ ನಗದಾಗಿ ಕಟ್ಟಬೇಕು, 500ರ ಹೊತ್ತಿಗೆ 76 ಸಾವಿರ. ಮಾಲಿನ ದುಡ್ಡು ಬರೋದು ಕೊನೆಗೆ. ನಡುವೆ ಕೈ ಖಾಲಿಯಾದರೆ ಬ್ರೋಕರ್ ನಿಮ್ಮ ವ್ಯಾಪಾರ ಮುಚ್ಚಿಬಿಡ್ತಾನೆ; 7 ಸಾವಿರದ ಲಾಭ ಅಲ್ಲೇ ಸತ್ತಿತು.

ಎರಡನೆಯದು ಮಾಲೇ. 2012ರ ಡಿಸೆಂಬರ್‌ನಲ್ಲಿ ಕೊಚ್ಚಿಯ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಖನಿಜ ತೈಲ ಬಳಿದಿದೆ ಅಂತ ಆಹಾರ ಸುರಕ್ಷತಾ ಅಧಿಕಾರಿಗಳು ಬೀಗ ಜಡಿದರು. ಎಕ್ಸ್‌ಚೇಂಜ್ ಮಾನ್ಯತೆ ಪಡೆದ ಗೋದಾಮುಗಳು ಅವು, ರಸೀದಿಗಳೂ ಸರಿಯಾಗೇ ಇದ್ದವು. ಮಾಲು ಮಾತ್ರ ಹೊರಗೆ ಬರುವಂತಿರಲಿಲ್ಲ, ಆದರೆ ಬ್ಯಾಂಕಿನ ಬಡ್ಡಿ ಓಡ್ತಾನೇ ಇತ್ತು.