ಒಂದೂವರೆ ಗಂಟೆಯ ಗೇಟು
(ಮುಳ್ಳೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದವರು ನನಗೆ ಕೊಟ್ಟ ವಿಷಯ ಚಿಕ್ಕದು. ಪರೀಕ್ಷಾ ಕೇಂದ್ರದ ಗೇಟು ಮುಚ್ಚಿದ ಮೇಲೆ ಬಂದ ಅಭ್ಯರ್ಥಿಯ ಗತಿ ಏನು? ಬಸ್ಸು ಕೆಟ್ಟಿತು, ಜ್ವರ ಬಂತು ಎಂದರೆ ಕೇಳುತ್ತಾರೆಯೇ? ನಮ್ಮ ಮಕ್ಕಳಲ್ಲಿ ವೈದ್ಯಕೀಯ ಓದಬೇಕೆಂದು ನೀಟ್ ಬರೆಯುವವರು ಹೆಚ್ಚುತ್ತಿರುವುದರಿಂದ ಆ ಪರೀಕ್ಷೆಯನ್ನೇ ಇಟ್ಟುಕೊಂಡು ಮಾತನಾಡುತ್ತೇನೆ.

ಎಸ್ಸೆಸ್ಸೆಲ್ಸಿ ಬರೆದ ಅಭ್ಯಾಸದಲ್ಲಿ ನಮ್ಮ ಮಕ್ಕಳು ಹಾಲ್ ಟಿಕೆಟ್‌ನಲ್ಲಿ ಪರೀಕ್ಷೆ ಆರಂಭವಾಗುವ ಗಂಟೆಯನ್ನು ಮಾತ್ರ ನೋಡುತ್ತಾರೆ. ನೀಟ್‌ನಲ್ಲಿ ನೋಡಬೇಕಾದದ್ದು ಗೇಟಿನ ಗಂಟೆ. 2025ರ ಮೇ 4ರಂದು ಪರೀಕ್ಷೆ ನಡೆದದ್ದು ಮಧ್ಯಾಹ್ನ ಎರಡರಿಂದ ಐದರವರೆಗೆ, ಗೇಟು ಮುಚ್ಚಿದ್ದು ಒಂದೂವರೆಗೆ. ಒಂದೂವರೆಯ ಬಳಿಕ ಒಳಗೆ ಸೂಚನೆಗಳನ್ನು ಓದಿ ಹೇಳುತ್ತಾರೆ, ಎರಡು ಗಂಟೆಗೆ ಮೊದಲೇ ಪ್ರಶ್ನೆ ಪುಸ್ತಿಕೆ ಕೈಗೆ ಬರುತ್ತದೆ. ದೇಶದಾದ್ಯಂತ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದೇ ಹೊತ್ತಿನಲ್ಲಿ ಒಂದೇ ಪರೀಕ್ಷೆ ಬರೆಯುತ್ತಾರೆ. ಪುಸ್ತಿಕೆ ಹಂಚಿದ ಮೇಲೆ ಹೊರಗಿನವರು ಒಳಗೆ, ಒಳಗಿನವರು ಹೊರಗೆ ಓಡಾಡಿದರೆ ಪ್ರಶ್ನೆ ಬಯಲಾಯಿತೆಂಬ ಅನುಮಾನಕ್ಕೆ ದಾರಿಯಾಗುತ್ತದೆ. ಗೇಟಿಗೆ ಅರ್ಧ ಗಂಟೆ ಮೊದಲೇ ಬೀಗ ಬೀಳುವುದು ಅದಕ್ಕೇ.

ಬೀಗ ಬಿದ್ದ ಮೇಲೆ ಜನ ಪೊಲೀಸರ ಕೈಕಾಲು ಹಿಡಿಯುತ್ತಾರೆ. ಪೊಲೀಸರಿಗೆ ಆ ಅಧಿಕಾರವಿಲ್ಲ. ಕೇಂದ್ರದ ಮೇಲ್ವಿಚಾರಕರು ಒಳ್ಳೆಯವರೇ ಆಗಿದ್ದರೂ ನಿಯಮ ಸಡಿಲಿಸುವಂತಿಲ್ಲ. ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ತನ್ನ ಮಾಹಿತಿ ಪುಸ್ತಿಕೆಯಲ್ಲಿ ಟ್ರಾಫಿಕ್ ಜಾಮ್, ರೈಲು ಮತ್ತು ಬಸ್ಸಿನ ವಿಳಂಬ ಎಂದು ಹೆಸರು ಹಿಡಿದೇ ಬರೆದು, ಅದಕ್ಕೆ ತಾನು ಹೊಣೆಯಲ್ಲ ಎಂದಿದೆ. ಅರ್ಜಿ ತುಂಬುವಾಗ ನಾವು ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತೇವೆ, ಓದಿರುವುದಿಲ್ಲ ಅಷ್ಟೇ.

ಹಾಗಾದರೆ ಯಾರಿಗೂ ಎಂದೂ ಮರುಅವಕಾಶ ಸಿಕ್ಕಿಲ್ಲವೇ? ಸಿಕ್ಕಿದೆ, ಅದೂ ನಮ್ಮ ಕರ್ನಾಟಕದಲ್ಲೇ. 2019ರ ಮೇ 5, ಭಾನುವಾರ. ಉತ್ತರ ಕರ್ನಾಟಕದ ನೂರಾರು ವಿದ್ಯಾರ್ಥಿಗಳು ನೀಟ್ ಬರೆಯಲು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟಿದ್ದರು. ಬೆಳಿಗ್ಗೆ ಬೆಂಗಳೂರು ಸೇರಬೇಕಾಗಿದ್ದ ರೈಲು, ಹಳಿ ಕಾಮಗಾರಿಗಾಗಿ ಮಾರ್ಗ ಬದಲಿಸಿದ್ದರಿಂದ ತಲುಪಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮಕ್ಕಳು ರೈಲಿನೊಳಗಿಂದಲೇ ಮೊಬೈಲಿನಲ್ಲಿ ಸುದ್ದಿ ಹಬ್ಬಿಸಿದರು. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಸಿದ್ದರಾಮಯ್ಯನವರೂ ದನಿ ಎತ್ತಿದರು. ಮರುದಿನವೇ ಕೇಂದ್ರ ಸಚಿವ ಪ್ರಕಾಶ್ ಜಾವಡೇಕರ್ ಮತ್ತೊಂದು ಅವಕಾಶ ಪ್ರಕಟಿಸಿದರು. ಮೇ 20ರಂದು ಆ ಮಕ್ಕಳು ಪರೀಕ್ಷೆ ಬರೆದರು.

ಈ ಪ್ರಕರಣವನ್ನು ಸರಿಯಾಗಿ ಬಿಡಿಸಿ ನೋಡಿ. ತಡವಾದದ್ದು ಒಬ್ಬರಿಗಲ್ಲ, ನೂರಾರು ಮಂದಿಗೆ. ತಡವಾಯಿತೆಂದು ಯಾರೂ ಸಾಕ್ಷಿ ಹೇಳಬೇಕಾಗಿರಲಿಲ್ಲ, ರೈಲ್ವೆಯ ದಾಖಲೆಯಲ್ಲೇ ಇತ್ತು. ವಿಳಂಬವೂ ಹತ್ತು ನಿಮಿಷದ್ದಲ್ಲ, ಹಲವು ಗಂಟೆಗಳದ್ದು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆತಿದ್ದಾರೆ. ಆ ವರ್ಷ ಫೋನಿ ಚಂಡಮಾರುತದಿಂದ ಒಡಿಶಾದ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಅಲ್ಲಿಗೆ ಹೇಗೂ ಇನ್ನೊಂದು ಪರೀಕ್ಷೆ ನಡೆಸಲೇಬೇಕಿತ್ತು. ನಮ್ಮ ಮಕ್ಕಳು ಅದೇ ದಿನ ಜೊತೆಗೆ ಕೂತರು. ಒಡಿಶಾದ ಪರೀಕ್ಷೆ ಇರದಿದ್ದರೆ ಇಷ್ಟು ಸಲೀಸಾಗಿ ಆಗುತ್ತಿತ್ತೆಂದು ನನಗನಿಸುವುದಿಲ್ಲ.

ಇದರ ಎದುರಿಗೆ 2025ರ ಇನ್ನೊಂದು ಪ್ರಕರಣ ಇಡುತ್ತೇನೆ. ಪದವಿ ಪ್ರವೇಶದ ಸಿಯುಇಟಿ ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ, ಗೇಟು ಎಂಟೂವರೆಗೆ. ಒಬ್ಬ ಅಭ್ಯರ್ಥಿ 8:36ಕ್ಕೆ ಬಂದರು. ಪರೀಕ್ಷೆಗೆ ಇನ್ನೂ ಇಪ್ಪತ್ನಾಲ್ಕು ನಿಮಿಷ ಇದ್ದರೂ ಬಿಡಲಿಲ್ಲ. ಪ್ರಕರಣ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠದವರೆಗೆ ಹೋಯಿತು. ಆರು ನಿಮಿಷ ನೋಡಲು ಸಣ್ಣದೇ ಆದರೂ ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆಯಲ್ಲಿ ಒಬ್ಬರಿಗೆ ಬೇರೆ ನಿಯಮ ಮಾಡಲಾಗದು ಎಂಬ ನಿಲುವಿನಿಂದ ನ್ಯಾಯಾಲಯ ಅರ್ಜಿ ತಳ್ಳಿಹಾಕಿತು. ಹಂಪಿ ಎಕ್ಸ್‌ಪ್ರೆಸ್‌ನ ಮಕ್ಕಳಷ್ಟೇ ಈ ಅಭ್ಯರ್ಥಿಯೂ ಪ್ರಾಮಾಣಿಕರಿರಬಹುದು. ಒಂಟಿಯಾಗಿ ತಡವಾದವರ ಪ್ರಾಮಾಣಿಕತೆಯನ್ನು ಅಳೆಯುವ ತಕ್ಕಡಿ ಗೇಟಿನ ಹತ್ತಿರ ಇಲ್ಲ.

ಕಾಯಿಲೆಯ ವಿಷಯಕ್ಕೂ ಇದೇ ಮಾತು. 2020ರ ಸೆಪ್ಟೆಂಬರ್ 13ರಂದು ನೀಟ್ ನಡೆದಾಗ ಕೊರೊನಾ ಸೋಂಕಿನಿಂದ ಅಥವಾ ಕಂಟೈನ್‌ಮೆಂಟ್ ವಲಯದಲ್ಲಿ ಸಿಕ್ಕಿಕೊಂಡು ಬರೆಯಲಾಗದವರಿಗೆ ಸುಪ್ರೀಂ ಕೋರ್ಟಿನ ಅನುಮತಿಯಿಂದ ಅಕ್ಟೋಬರ್ 14ರಂದು ಪರೀಕ್ಷೆ ನಡೆಯಿತು. ಅದು ಇಡೀ ದೇಶದ ಕಾಯಿಲೆ. ಒಬ್ಬ ವಿದ್ಯಾರ್ಥಿಗೆ ಟೈಫಾಯಿಡ್ ಬಂದರೆ, ದಾರಿಯಲ್ಲಿ ಬೈಕಿನಿಂದ ಬಿದ್ದರೆ, ವೈದ್ಯರ ಸರ್ಟಿಫಿಕೇಟು ಎಷ್ಟೇ ಸಾಚಾ ಆಗಿದ್ದರೂ ಅದಕ್ಕೆ ಇನ್ನೊಂದು ದಿನಾಂಕ ಕೊಡುವ ಪದ್ಧತಿ ನೀಟ್‌ನಲ್ಲಿಲ್ಲ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಹಣ್ಣು, ಪಾರದರ್ಶಕ ಬಾಟಲಿಯಲ್ಲಿ ನೀರು ಒಯ್ಯಬಹುದು. ಅಂಗವಿಕಲ ಮಕ್ಕಳಿಗೆ ಹೆಚ್ಚುವರಿ ಸಮಯ ಉಂಟು. ಆದರೆ ಇವೆಲ್ಲ ಗೇಟಿನೊಳಗೆ ಬಂದವರಿಗೆ ಮಾತ್ರ.

ಈಗ ಮುಳ್ಳೂರಿನಿಂದ ಲೆಕ್ಕ ಹಾಕೋಣ. ಮೈಸೂರಿನಲ್ಲಿ ಕೇಂದ್ರ ಬಂದಿದೆ ಎಂದುಕೊಳ್ಳಿ. ನಮಗೆ ರೈಲಿಲ್ಲ. ಊರಿಂದ ಕೊಳ್ಳೇಗಾಲ, ಅಲ್ಲಿಂದ ತಿ. ನರಸೀಪುರದ ಮೇಲೆ ಮೈಸೂರಿಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಹಿಜಾಬ್ ಅಥವಾ ಬೇರೆ ಧಾರ್ಮಿಕ ಉಡುಪು ಧರಿಸುವವರು ತಪಾಸಣೆಗಾಗಿ ಗೇಟು ಮುಚ್ಚುವ ಒಂದು ಗಂಟೆ ಮೊದಲೇ ಬರಬೇಕೆಂದು ಎನ್‌ಟಿಎ ಸೂಚನೆ ಇದೆ. ಹಾಗಾಗಿ ನಮ್ಮ ಹೆಣ್ಣುಮಕ್ಕಳ ಗಂಟೆ ಒಂದೂವರೆ ಅಲ್ಲ, ಹನ್ನೆರಡೂವರೆ. ನಗರದೊಳಗೆ ಕೇಂದ್ರ ಹುಡುಕಲು ಒಂದು ಗಂಟೆ ಇಟ್ಟರೆ ಹನ್ನೊಂದೂವರೆಗೆ ಮೈಸೂರಿನ ಬಸ್ ನಿಲ್ದಾಣದಲ್ಲಿರಬೇಕು, ಅಂದರೆ ಒಂಬತ್ತೂವರೆಗೆ ಕೊಳ್ಳೇಗಾಲ ಬಿಡಬೇಕು. ಆ ಬಸ್ಸು ಕೆಟ್ಟರೆ? ಮೇ ತಿಂಗಳ ಭಾನುವಾರ, ಮದುವೆಗಳ ಕಾಲ, ಬಸ್ಸು ತುಂಬಿ ನಿಲ್ಲಿಸದೇ ಹೋಗಬಹುದು. ಆದ್ದರಿಂದ ಏಳೂವರೆಯ ಹೊತ್ತಿಗೇ ಕೊಳ್ಳೇಗಾಲ ಬಿಡಿ. ಮೈಸೂರಿನಲ್ಲಿ ನೆಂಟರಿದ್ದರೆ ಹಿಂದಿನ ರಾತ್ರಿಯೇ ಹೋಗಿ, ಸಂಜೆ ಕೇಂದ್ರದ ಗೇಟನ್ನು ಕಣ್ಣಾರೆ ನೋಡಿ ಬನ್ನಿ. ಒಂದೇ ಹೆಸರಿನ ಎರಡು ಕಾಲೇಜುಗಳಿರುವುದು ಆಗಲೇ ಗೊತ್ತಾಗುವುದು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಇಮಾಮ್ ಸಾಹೇಬರು ಮುಂದೆ ಕೂತಿದ್ದಾರೆ, ತಪ್ಪಿದ್ದರೆ ತಿದ್ದಲಿ. ಬಹಳ ಮಸೀದಿಗಳಲ್ಲಿ ಝುಹರ್ ಜಮಾಅತ್ ಒಂದೂವರೆಯ ಆಸುಪಾಸು, ಗೇಟೂ ಒಂದೂವರೆಗೆ. ನಮಾಜಿನ ವಕ್ತ್ ಅದಕ್ಕಿಂತ ಬಹಳ ಮೊದಲೇ ಶುರುವಾಗಿರುತ್ತದೆ. ವಕ್ತ್ ಆದ ಕೂಡಲೇ ಹತ್ತಿರದಲ್ಲೇ ಓದಿಕೊಂಡು ಸಾಲಿಗೆ ಬನ್ನಿ, ಜಮಾಅತಿಗೆಂದು ಕಾಯಬೇಡಿ. ಸಾಲಿನಲ್ಲಿದ್ದವರು ಫೋಟೋ ಮರೆತೆವೆಂದು, ಜೆರಾಕ್ಸ್ ಬೇಕೆಂದು ಅಂಗಡಿಗೆ ಓಡಿ ವಾಪಸು ಬರುವಷ್ಟರಲ್ಲೂ ಬೀಗ ಬೀಳಬಹುದು. ಎರಡೆರಡು ಪ್ರತಿ ಇಟ್ಟುಕೊಳ್ಳಿ.

ಇಷ್ಟಾಗಿಯೂ ತಪ್ಪಿತು ಎಂದಿಟ್ಟುಕೊಳ್ಳಿ. ಗೇಟು ಹತ್ತಬೇಡಿ. ಬಸ್ಸಿನ ಟಿಕೆಟು ಎಸೆಯಬೇಡಿ. ಅದೇ ಕಾರಣಕ್ಕೆ ತಪ್ಪಿಸಿಕೊಂಡವರು ಬೇರೆ ಯಾರಿದ್ದಾರೆ ನೋಡಿ, ಹೆಸರು ಮತ್ತು ಅರ್ಜಿ ಸಂಖ್ಯೆ ಬರೆದುಕೊಂಡು ಅಂದೇ ಎಲ್ಲರೂ ಸೇರಿ ಎನ್‌ಟಿಎಗೆ ಇ-ಮೇಲ್ ಮಾಡಿ, ಜಿಲ್ಲಾಧಿಕಾರಿಗೆ ಮನವಿ ಕೊಡಿ. ಸೇತುವೆ ಬಂದ್ ಆಗಿತ್ತು, ಕಾವೇರಿ ಉಕ್ಕಿ ರಸ್ತೆ ಮುಳುಗಿತ್ತು ಎಂಬಂಥ ಸರ್ಕಾರಿ ದಾಖಲೆ ಇರುವ ಕಾರಣವಾದರೆ ಸ್ವಲ್ಪ ಆಸೆ ಇಡಬಹುದು. ಒಬ್ಬರದೇ ಕಾರಣವಾದರೆ ವಕೀಲರಿಗೆ ಹಣ ಸುರಿಯುವ ಮೊದಲು ಆ 8:36ರ ಪ್ರಕರಣವನ್ನು ನೆನೆಯಿರಿ.

ನೀಟ್‌ಗೆ ಈಗ ಗರಿಷ್ಠ ವಯೋಮಿತಿ ಇಲ್ಲ, 2022ರಲ್ಲಿ ತೆಗೆದಿದ್ದಾರೆ. ಮುಂದಿನ ವರ್ಷ ಬರೆಯಬಹುದು. ಆದರೆ ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಒಂದು ವರ್ಷ ಕಾಯಲು ಬಿಡುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಆದ್ದರಿಂದ ನೀಟ್ ಬರೆಯುವ ಪ್ರತಿಯೊಬ್ಬರೂ ನಮ್ಮ ರಾಜ್ಯದ ಸಿಇಟಿಯನ್ನೂ ಬರೆದಿರಲಿ. ಫಾರ್ಮಸಿ, ಪಶುವೈದ್ಯಕೀಯ, ಕೃಷಿ ಪದವಿಗಳ ಬಾಗಿಲು ಅದರಿಂದ ತೆರೆಯುತ್ತದೆ. ಅರ್ಜಿ ತುಂಬಲು ಗೊತ್ತಾಗದವರು ಸಭೆ ಮುಗಿದ ಮೇಲೆ ಇಲ್ಲೇ ಇರಿ, ಹಾಲ್ ಟಿಕೆಟ್ ಬಂದಿರುವವರು ಅದನ್ನೂ ತನ್ನಿ. ಗೇಟಿನ ಗಂಟೆ ಎಲ್ಲಿ ಅಚ್ಚಾಗಿದೆ ಎಂದು ಒಬ್ಬೊಬ್ಬರಿಗೂ ತೋರಿಸುತ್ತೇನೆ.