ಅಂಟು, ಕತ್ತರಿ, ಪಾಷಾಣ: ಮನೆಯ ಇಲಿಗೆ ಯಾವುದು ತಕ್ಕುದು?

(ಮಳೆಗಾಲದ ಮಾಸಿಕ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಮಳೆ ಹಿಡಿದೊಡನೆ ಗದ್ದೆ ತೋಟಗಳ ಬಿಲಗಳಲ್ಲಿ ನೀರು ನಿಲ್ಲುತ್ತದೆ. ಇಲಿಗಳು ಒಣಜಾಗವನ್ನು ಅರಸಿ ನಮ್ಮ ಅಟ್ಟಕ್ಕೆ ಏರುತ್ತವೆ. ಅಲ್ಲಿ ಭತ್ತದ ಚೀಲವಿದೆ, ಕೊಬ್ಬರಿಯಿದೆ, ಬೀಜಕ್ಕೆಂದು ಕಟ್ಟಿಟ್ಟ ಸೌತೆ, ಅವರೆಗಳಿವೆ. ನಾಲ್ಕು ದಿನ ಸಹಿಸಿದ ಬಳಿಕ ಮನೆಯವರು ಪೇಟೆಗೆ ಹೋಗಿ ಮೂರರಲ್ಲಿ ಒಂದನ್ನು ಕೊಂಡು ತರುತ್ತಾರೆ: ಅಂಟು ಬಳಿದ ಹಲಗೆ, ಸ್ಪ್ರಿಂಗಿನ ಹೊಡೆತದಿಂದ ಕೊಲ್ಲುವ ಇಲಿಕತ್ತರಿ, ಇಲ್ಲವೆ ಪಾಷಾಣ. ಈ ಮೂರರ ಗುಣದೋಷಗಳನ್ನು ಎರಡು ಪ್ರಶ್ನೆಗಳ ಮೂಲಕ ನೋಡೋಣ. ಸಾಯುವ ಪ್ರಾಣಿ ಎಷ್ಟು ಹೊತ್ತು ನರಳುತ್ತದೆ? ಇಲಿಯಲ್ಲದೆ ಮತ್ತೆ ಯಾರು ಅದಕ್ಕೆ ಬಲಿಯಾಗಬಹುದು?

ಮೊದಲು ಅಂಟುಹಲಗೆ. ವಿಷವಿಲ್ಲ, ರಕ್ತವಿಲ್ಲ, ಮಗುವಿನ ಬೆರಳು ಮುರಿಯುವ ಭಯವಿಲ್ಲ ಎಂಬ ಕಾರಣದಿಂದ ಇದು ಸೌಮ್ಯವಾದ ಸಾಧನವೆಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಮೂರರಲ್ಲಿ ಅತ್ಯಂತ ಕ್ರೂರವಾದುದು ಇದೇ. ಅಂಟು ಇಲಿಯನ್ನು ಕೊಲ್ಲುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ಬಿಡಿಸಿಕೊಳ್ಳುವ ಯತ್ನದಲ್ಲಿ ಚರ್ಮ ಕಿತ್ತುಬರುತ್ತದೆ, ಕಾಲು ಮುರಿಯುತ್ತದೆ. ಮೂಗು ಅಂಟಿಗೆ ತಾಗಿದರೆ ಉಸಿರುಕಟ್ಟಿ ಸಾಯುತ್ತದೆ. ಇಲ್ಲವಾದರೆ ಬಾಯಾರಿಕೆಯಿಂದ, ಬಳಲಿಕೆಯಿಂದ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಜೀವಂತ ಇಲಿಯಿರುವ ಹಲಗೆಯನ್ನು ತಿಪ್ಪೆಗೆ ಎಸೆದರೆ ನಮ್ಮ ಕಣ್ಣಿಗೆ ಕಾಣದು, ಅಷ್ಟೇ ವ್ಯತ್ಯಾಸ.

ಅಂಟಿಗೆ ಇಲಿ ಯಾವುದು, ಇತರ ಜೀವಿ ಯಾವುದು ಎಂಬ ಭೇದವೂ ಇಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಲ್ಲಿ, ಅರಣೆ, ಹಕ್ಕಿಮರಿ, ಜಿರಲೆ ತಿಂದು ಬದುಕುವ ಸೊಂಡಿಲಿ, ಇಲಿಯ ಬೆನ್ನುಹತ್ತಿ ಬಂದ ಹಾವು, ಇವೆಲ್ಲ ಅದಕ್ಕೆ ಸಿಕ್ಕಿಬೀಳುತ್ತವೆ. ಮಕ್ಕಳಿಗೂ ಅದು ನಿರಪಾಯವಲ್ಲ. ಸಿಕ್ಕಿದ ಇಲಿ ಹೆದರಿ ಮೂತ್ರ ಮಾಡುತ್ತದೆ, ಮುಟ್ಟಲು ಹೋದವರನ್ನು ಕಚ್ಚುತ್ತದೆ. ಇಲಿಜ್ವರದ ಸೂಕ್ಷ್ಮಾಣು ಹರಡುವುದು ಮುಖ್ಯವಾಗಿ ಇಲಿಯ ಮೂತ್ರದ ಮೂಲಕವೇ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2011ರಲ್ಲಿ ಹಾಗೂ 2020ರಲ್ಲಿ ಅಂಟುಹಲಗೆಗಳನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಹಲವು ರಾಜ್ಯಗಳು ಅದರಂತೆ ಸುತ್ತೋಲೆ ಹೊರಡಿಸಿವೆ. ಇಂಗ್ಲೆಂಡಿನಲ್ಲಿ 2024ರ ಜುಲೈ 31ರಿಂದ ಜನಸಾಮಾನ್ಯರು ಇದನ್ನು ಇಲಿಗೆ ಬಳಸುವುದು ಅಪರಾಧವಾಗಿದೆ.

ಯಾರ ಮನೆಯಲ್ಲಾದರೂ ಹಲಗೆಗೆ ಹಾವೋ ಹಲ್ಲಿಯೋ ಸಿಕ್ಕಿದ್ದರೆ ಎಳೆಯಬೇಡಿ. ಸುತ್ತಲಿನ ಅಂಟಿನ ಮೇಲೆ ಹಿಟ್ಟನ್ನೋ ಕಾಗದವನ್ನೋ ಹರಡಿ, ಅಂಟಿದ ಭಾಗಕ್ಕೆ ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಅಂಟು ಸಡಿಲವಾಗುತ್ತದೆ. ವಿಷದ ಹಾವಾದರೆ ಕೈಹಾಕದೆ ಬಲ್ಲವರನ್ನು ಕರೆಯಿರಿ.

ಎರಡನೆಯದು ಪಾಷಾಣ. ಒಂದೇ ಹೆಸರಿನಲ್ಲಿ ಕರೆದರೂ ನಾವು ಕಾಣುವ ಪಾಷಾಣಗಳು ಮುಖ್ಯವಾಗಿ ಮೂರು. ಮೊದಲನೆಯದು ಬ್ರೊಮಾಡಿಯೊಲೋನ್ ಎಂಬ ವಿಷ ಬೆರೆಸಿದ, ಸಾಮಾನ್ಯವಾಗಿ ಬಣ್ಣ ಹಾಕಿದ ಬಿಲ್ಲೆ. ಇದರಲ್ಲಿ ವಿಷದ ಪ್ರಮಾಣ ಶೇಕಡಾ 0.005 ಮಾತ್ರ. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಇಲಿ ಕೆಲವು ದಿನಗಳ ಬಳಿಕ ಒಳರಕ್ತಸ್ರಾವದಿಂದ ಸಾಯುತ್ತದೆ. ಎರಡನೆಯದು ಸತುವಿನ ಫಾಸ್ಫೈಡ್, ಬೆಳ್ಳುಳ್ಳಿಯಂತೆ ನಾರುವ ಕಡುಬೂದು ಪುಡಿ. ಹೊಟ್ಟೆಯ ಆಮ್ಲ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ. ಇದು ಹೊಲದ ಬಿಲಗಳಿಗೆಂದು ಇರುವ ವಿಷ, ಅಡುಗೆಮನೆಯಲ್ಲಿ ಕಲಸತಕ್ಕದ್ದಲ್ಲ. ಮೂರನೆಯದು ಹಳದಿ ರಂಜಕದ ಲೇಪ. ಹಲ್ಲುಜ್ಜುವ ಪೇಸ್ಟಿನಂತೆ ಕೊಳವೆಯಲ್ಲಿ ಬರುವ ಇದನ್ನು ಬ್ರೆಡ್ಡಿಗೋ ಟೊಮೇಟೊಗೋ ಸವರಿ ಇಡುತ್ತಾರೆ. ಮಗುವಿಗೆ ಇದಕ್ಕಿಂತ ದೊಡ್ಡ ಬಲೆ ಬೇರೆ ಬೇಕೆ?

ಈ ಮೂರರ ಭೇದವನ್ನು ತಿಳಿದಿರುವುದು ಜೀವದ ಪ್ರಶ್ನೆ. ಬ್ರೊಮಾಡಿಯೊಲೋನ್‌ಗೆ ವಿಟಮಿನ್ ಕೆ-1 ಎಂಬ ಪ್ರತ್ಯೌಷಧವಿದೆ. ಮಗು ಬಿಲ್ಲೆಯ ಚೂರನ್ನು ಕಚ್ಚಿದರೆ ಸಾಮಾನ್ಯವಾಗಿ ದೊಡ್ಡ ಅಪಾಯವಾಗದು, ಆದರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ರಕ್ತಸ್ರಾವ ಕಾಣಿಸಿಕೊಳ್ಳುವುದು ಎರಡು ಮೂರು ದಿನಗಳ ನಂತರ. ಉಳಿದೆರಡಕ್ಕೆ ನೇರವಾದ ಪ್ರತ್ಯೌಷಧವೇ ಇಲ್ಲ. ರಂಜಕವಂತೂ ಮೋಸಗಾರ. ಮೊದಲ ದಿನ ವಾಂತಿ, ಹೊಟ್ಟೆನೋವು. ಆಮೇಲೆ ಒಂದೆರಡು ದಿನ ಮಗು ಚೇತರಿಸಿಕೊಂಡಂತೆ ಆಡುತ್ತದೆ. ಗಂಡಾಂತರ ಕಳೆಯಿತೆಂದು ಮನೆಯವರು ನಿಶ್ಚಿಂತರಾಗುವ ಹೊತ್ತಿಗೆ ಕಣ್ಣು ಹಳದಿಯಾಗಿ ಯಕೃತ್ತು ಸೋಲತೊಡಗುತ್ತದೆ. ಆದ್ದರಿಂದ ಮಗು ಯಾವ ಪಾಷಾಣವನ್ನು ಬಾಯಿಗೆ ಹಾಕಿಕೊಂಡರೂ ಲಕ್ಷಣಕ್ಕಾಗಿ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ತುಪ್ಪ, ಎಣ್ಣೆ ಕೊಡಬೇಡಿ, ರಂಜಕವು ಜಿಡ್ಡಿನೊಡನೆ ಬೇಗ ಮೈಗೂಡುತ್ತದೆ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸಿ. ಯಾವ ವಿಷವೆಂಬುದು ವೈದ್ಯರಿಗೆ ತಿಳಿದರೆ ಅಮೂಲ್ಯ ಸಮಯ ಉಳಿಯುತ್ತದೆ.

ಪಾಷಾಣ ತಿಂದ ಇಲಿ ನೀರು ಹುಡುಕಿಕೊಂಡು ಮನೆಯಿಂದ ಹೊರಗೆ ಹೋಗಿ ಸಾಯುತ್ತದೆ ಎಂಬ ಮಾತು ನಿಜವಲ್ಲ. ಬಹುಪಾಲು ಇಲಿಗಳು ತಮ್ಮ ಗೂಡಿನಲ್ಲಿ, ಗೋಡೆಯ ಸಂದಿನಲ್ಲಿ, ಹಂಚಿನ ಕೆಳಗೆ ಸಾಯುತ್ತವೆ. ನಾರುವ ಮನೆಯಲ್ಲಿ ವಾರಗಟ್ಟಲೆ ಇರಬೇಕಾದವರು ನಾವು. ಬಿಲ್ಲೆ ತಿಂದ ಇಲಿ ಸಾಯುವ ಮುನ್ನ ಕೆಲವು ದಿನ ಮಂಕಾಗಿ ಹಗಲಲ್ಲೂ ಓಡಾಡುತ್ತದೆ, ಅದನ್ನು ಹಿಡಿಯುವುದು ಬೆಕ್ಕಿಗೆ, ಗೂಬೆಗೆ ಸುಲಭ. ಇಲಿಯ ಯಕೃತ್ತಿನಲ್ಲಿ ಉಳಿದ ವಿಷ ಅವುಗಳ ಮೈಯಲ್ಲಿ ಶೇಖರವಾಗುತ್ತದೆ. ಗೂಬೆ, ಕೇರೆಹಾವು, ಬೆಕ್ಕು ಸತ್ತರೆ ಮುಂದಿನ ವರ್ಷ ಇಲಿಯನ್ನು ಹಿಡಿಯುವವರು ಯಾರು?

ಮೂರನೆಯದು ಇಲಿಕತ್ತರಿ. ನೋಡಲು ಭೀಕರ, ಆದರೆ ಸ್ಪ್ರಿಂಗು ಬಲವಾಗಿದ್ದು ಕಂಬಿ ಕುತ್ತಿಗೆಗೋ ತಲೆಗೋ ಬಿದ್ದರೆ ಇಲಿ ಕೆಲವೇ ಕ್ಷಣಗಳಲ್ಲಿ ಸಾಯುತ್ತದೆ. ವಿಷವಿಲ್ಲವಾದ್ದರಿಂದ ಗೂಬೆಗೆ ಹಾನಿಯಿಲ್ಲ, ಸತ್ತ ಇಲಿ ಕಣ್ಣೆದುರಿಗೇ ಇರುತ್ತದೆ. ಆದರೆ ಸ್ಪ್ರಿಂಗು ದುರ್ಬಲವಾದರೆ, ಚಿಟ್ಟಿಲಿಯ ಕತ್ತರಿಯಿಂದ ದೊಡ್ಡ ಇಲಿಯನ್ನು ಹಿಡಿಯಹೊರಟರೆ, ಕಾಲೋ ಬಾಲವೋ ಸಿಕ್ಕಿ ಇದೂ ಅಂಟುಹಲಗೆಯಷ್ಟೇ ಕ್ರೂರವಾಗುತ್ತದೆ. ಹಿಕ್ಕೆ ಒಂದು ಸೆಂಟಿಮೀಟರಿಗಿಂತ ಉದ್ದವಿದ್ದರೆ ದೊಡ್ಡ ಇಲಿ, ಅರ್ಧ ಸೆಂಟಿಮೀಟರಿನಷ್ಟಿದ್ದರೆ ಚಿಟ್ಟಿಲಿ. ಅದನ್ನು ನೋಡಿ ಕತ್ತರಿ ಕೊಳ್ಳಬೇಕು.

ಮಗುವಿರುವ ಮನೆಯಲ್ಲಿ ಕತ್ತರಿಯನ್ನು ತೆರೆದಿಡಲಾಗದು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ಈ ಪ್ರಶ್ನೆ ಎದ್ದಿತು. ನಾಲ್ಕು ವರ್ಷದ ತಂಗಿಯ ಮಗಳು ರಜೆಗೆ ಬಂದಿದ್ದಳು, ಅಟ್ಟದಲ್ಲಿ ಇಲಿಯ ಸಂತೆ ನಡೆದಿತ್ತು. ನಾವು ಮಾಡಿದ ಕ್ರಮವನ್ನು ಹೇಳುತ್ತೇನೆ.

ಮೊದಲ ರಾತ್ರಿ ಗೋಡೆಯ ಬುಡದಲ್ಲಿ ಒಲೆಯ ಬೂದಿಯನ್ನು ತೆಳ್ಳಗೆ ಹರಡಿದೆವು. ಬೆಳಿಗ್ಗೆ ಹೆಜ್ಜೆ ಮೂಡಿದ್ದ ಕಡೆಗಳೇ ಇಲಿಯ ದಾರಿ. ಇಲಿ ಬಯಲಲ್ಲಿ ಓಡುವುದಿಲ್ಲ, ಗೋಡೆಗೆ ಮೈ ಒರಸಿಕೊಂಡು ಓಡುತ್ತದೆ. ಕೆಳಗಿನ ಉಗ್ರಾಣಕ್ಕೂ ಅಡುಗೆಮನೆಗೂ ಒಂದೊಂದು ಮರದ ಪೆಟ್ಟಿಗೆ ಮಾಡಿಸಿದೆವು: ಉದ್ದ ಎರಡೂವರೆ ಅಡಿ, ಅಗಲ ಮತ್ತು ಎತ್ತರ ಅರ್ಧರ್ಧ ಅಡಿ, ಎರಡೂ ತುದಿಯಲ್ಲಿ 6 ಸೆಂಟಿಮೀಟರಿನ ರಂಧ್ರ. ರಂಧ್ರದ ಒಳಗೆ ಗೇಣುದೂರದಲ್ಲಿ ಒಂದು ಅಡ್ಡಹಲಗೆ, ಅದರಲ್ಲಿ ಇನ್ನೊಂದು ರಂಧ್ರ. ಆದರೆ ಎರಡು ರಂಧ್ರಗಳು ಎದುರುಬದುರಾಗಿಲ್ಲ. ಇಲಿ ಬಳಸಿಕೊಂಡು ಹೋಗಬಲ್ಲುದು, ಮಗುವಿನ ಕೈ ಒಳಗೆ ನೇರವಾಗಿ ಹೋಗದು. ನಡುವೆ ಬೆನ್ನಿಗೆ ಬೆನ್ನು ಕೊಟ್ಟಂತೆ ಎರಡು ಕತ್ತರಿ, ಆಮಿಷದ ತುದಿ ಹೊರಗಡೆಗೆ. ಮುಚ್ಚಳಕ್ಕೆ ತಿರುಪು. ಅಟ್ಟದಲ್ಲಿ ನಾಲ್ಕು ಕತ್ತರಿಗಳನ್ನು ಪೆಟ್ಟಿಗೆಯಿಲ್ಲದೆ ಗೋಡೆಗೆ ಅಡ್ಡವಾಗಿ, ಆಮಿಷದ ತುದಿ ಗೋಡೆಗೆ ತಾಗುವಂತೆ ಇಟ್ಟು, ಏಣಿಯನ್ನು ತೆಗೆದಿಟ್ಟೆವು.

ಇಲಿ ಹೊಸ ವಸ್ತುವನ್ನು ಕಂಡರೆ ಹೆದರುತ್ತದೆ. ಆದ್ದರಿಂದ ಮೂರು ರಾತ್ರಿ ಕತ್ತರಿಗಳನ್ನು ಹೂಡದೆ ಸುಟ್ಟ ಕೊಬ್ಬರಿಯನ್ನು ಮಾತ್ರ ಇಟ್ಟೆವು. ಮೊದಲ ರಾತ್ರಿ ಒಂದನ್ನೂ ಮುಟ್ಟಲಿಲ್ಲ, ಮೂರನೆಯ ರಾತ್ರಿ ಎಲ್ಲವೂ ಖಾಲಿ. ನಾಲ್ಕನೆಯ ರಾತ್ರಿ ಕೊಬ್ಬರಿಯನ್ನು ನೂಲಿನಿಂದ ಕಟ್ಟಿ ಎಂಟನ್ನೂ ಒಟ್ಟಿಗೆ ಹೂಡಿದೆವು. ಐದು ಇಲಿ ಬಿದ್ದವು. ಮಾರನೆಯ ರಾತ್ರಿ ಎರಡು, ಆಮೇಲೆ ಇಲ್ಲ, ಏಳನೆಯ ರಾತ್ರಿ ಒಂದು. ಆ ಎಂಟರಲ್ಲಿ ಒಂದಕ್ಕೆ ಕಾಲು ಮಾತ್ರ ಸಿಕ್ಕಿತ್ತು. ತಲೆಗೆ ಒಂದೇ ಬಲವಾದ ಪೆಟ್ಟು ಕೊಟ್ಟು ಅದರ ನರಳಿಕೆಯನ್ನು ಮುಗಿಸಬೇಕಾಯಿತು. ಹಿತವಾದ ಕೆಲಸವಲ್ಲ, ಆದರೆ ಕೊಲ್ಲುವ ನಿರ್ಧಾರ ನಮ್ಮದಾದ ಮೇಲೆ ಮುಖ ತಿರುಗಿಸುವ ಹಕ್ಕು ನಮಗಿಲ್ಲ. ಆದ್ದರಿಂದಲೇ ಹೂಡಿದ ಕತ್ತರಿಯನ್ನು ಮಲಗುವ ಮುನ್ನ ಒಮ್ಮೆ, ಬೆಳಗಾದೊಡನೆ ಒಮ್ಮೆ ನೋಡಲೇಬೇಕು. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಚೀಲದಿಂದ ಕೈ ಮುಚ್ಚಿಕೊಂಡು ತೆಗೆದು, ಬಾವಿಯಿಂದ ದೂರ ಆಳವಾಗಿ ಹೂಳಿ, ಸೋಪಿನಿಂದ ಕೈ ತೊಳೆಯಬೇಕು. ಮತ್ತೆ ಬೂದಿ ಹರಡಿದಾಗ ಸತತ ಮೂರು ರಾತ್ರಿ ಹೆಜ್ಜೆ ಮೂಡಲಿಲ್ಲ. ಅಲ್ಲಿಗೆ ಕತ್ತರಿಗಳನ್ನು ತೆಗೆದಿಟ್ಟೆವು.

ಆದರೆ ಎಂಟು ಇಲಿ ಹೋದ ಜಾಗಕ್ಕೆ ಬೇರೆ ಎಂಟು ಬರಲು ತಡವಾಗದು. ಚಿಟ್ಟಿಲಿಗೆ 6 ಮಿಲಿಮೀಟರಿನ ಸಂದು ಸಾಕು. ಹಂಚಿನ ಮನೆಯನ್ನು ಪೂರ್ತಿ ಮುಚ್ಚುವುದು ಅಸಾಧ್ಯವೆಂದು ನನಗೂ ಗೊತ್ತು. ಮುಚ್ಚಬಹುದಾದದ್ದು ಕಾಳು. ಭತ್ತ, ಕೊಬ್ಬರಿ, ಬೀಜಗಳನ್ನು ತಗಡಿನ ಡ್ರಮ್ಮಿಗೆ ಹಾಕಿ. ದನದ ಹಿಂಡಿಯನ್ನು ರಾತ್ರಿ ಮುಚ್ಚಿಡಿ. ಮಾಡಿಗೆ ತಾಗುವ ಕೊಂಬೆಗಳನ್ನು ಒಂದು ಮೀಟರಿನಷ್ಟು ದೂರಕ್ಕೆ ಸವರಿ. ತಿನ್ನಲು ಸಿಗದ ಮನೆಯಲ್ಲಿ ಇಲಿ ಸಂಸಾರ ಹೂಡುವುದಿಲ್ಲ, ಕತ್ತರಿಯ ಆಮಿಷವೂ ಅಲ್ಲಿಯೇ ಹೆಚ್ಚು ಫಲ ಕೊಡುತ್ತದೆ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿ ಮುಗಿಸುತ್ತೇನೆ. ಅಂಟುಹಲಗೆಯನ್ನು ಯಾರೂ ಕೊಳ್ಳಬೇಡಿ. ರಂಜಕದ ಲೇಪವನ್ನು ಮಕ್ಕಳಿರಲಿ ಇಲ್ಲದಿರಲಿ ಮನೆಯೊಳಗೆ ತರಬೇಡಿ. ಈಗಾಗಲೇ ತಂದಿಟ್ಟವರು ಇಂದೇ ಬೀಗದೊಳಗೆ ಇಡಿ. ಕಾಳನ್ನು ಮುಚ್ಚಿ, ಬಲವಾದ ಕತ್ತರಿಯನ್ನು ಪೆಟ್ಟಿಗೆಯೊಳಗೆ ಹೂಡಿ. ಪೆಟ್ಟಿಗೆಯ ಮಾದರಿಯೊಂದನ್ನು ಇಲ್ಲಿ ತಂದಿದ್ದೇನೆ. ವಿದ್ಯಾರ್ಥಿಗಳು ಮುಚ್ಚಳ ಬಿಚ್ಚಿ ಅಳತೆ ತೆಗೆದುಕೊಳ್ಳಬಹುದು. ಒಳಗೆ ಕತ್ತರಿಯನ್ನು ಹೂಡಿಲ್ಲ, ಹೆದರಬೇಡಿ.